ನಿವೃತ್ತಿಯ ನಂತರದ ಕಪಾಟು: ಮೊದಲು ರವಿಕೆ, ಆಮೇಲೆ ಸೀರೆ

ಜುಲೈ ತಿಂಗಳಲ್ಲಿ ಕಾರವಾರದ ಮನೆಯಲ್ಲಿ ಬಟ್ಟೆಯ ಕಪಾಟು ತೆರೆದರೆ ಮೊದಲು ಮುಖಕ್ಕೆ ಹೊಡೆಯುವುದು ಮುಗ್ಗಲು ವಾಸನೆ. ನಾನು ನಿವೃತ್ತಿಯಾದ ವರ್ಷ ಒಂದು ದಿನ ಹಾಗೇ ಬಾಗಿಲು ತೆರೆದು ನಿಂತಿದ್ದೆ. ಪಕ್ಕದ ಮನೆಯ ನಾಮಕರಣಕ್ಕೆ ಹೋಗಬೇಕಿತ್ತು. ಒಳಗೆ ಐವತ್ತಕ್ಕೂ ಜಾಸ್ತಿ ಸೀರೆ. ಒಂದೊಂದಾಗಿ ತೆಗೆದೆ, ಒಂದೊಂದಾಗಿ ಒಳಗಿಟ್ಟೆ. ಕೊನೆಗೆ ಉಟ್ಟಿದ್ದು ಯಾವಾಗಲೂ ಉಡುವ ಅದೇ ಬೂದು ಸೀರೆ. ಯಾಕೆಂದರೆ ಅದರ ರವಿಕೆ ಮಾತ್ರ ಉಸಿರಾಡಲು ಬಿಡುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿ ಹೊಲಿಗೆ ಕಲಿಸಿದವಳು. ನಮ್ಮ ಜಿಲ್ಲೆಯಲ್ಲಿ ಶಿಕ್ಷಕಿಯರಿಗೆ ಅಕ್ಕೋರು ಅನ್ನುವುದು ರೂಢಿ. ಹಾಗಾಗಿ ನಾನು ಊರಿಗೆಲ್ಲ ಹೊಲಿಗೆ ಅಕ್ಕೋರು. ಅಂಥ ನನಗೇ ಈ ಸಣ್ಣ ವಿಷಯ ಹೊಳೆಯಲು ಅರವತ್ತು ವರ್ಷ ಬೇಕಾಯ್ತು. ಆ ವಯಸ್ಸಿಗೆ ಬದಲಾಗಿರುವುದು ನಮ್ಮ ಮೈ. ಸೀರೆ ಐದೂವರೆ ಮೀಟರ್ ಬಟ್ಟೆ, ಅದು ಯಾವ ಮೈಗಾದರೂ ಸುತ್ತಿಕೊಳ್ಳುತ್ತದೆ. ರವಿಕೆ ಸುತ್ತಿಕೊಳ್ಳುವುದಿಲ್ಲ. ಅದಕ್ಕೇ ಅಂಗಡಿಗೆ ಹೋಗುವ ಮೊದಲು ರವಿಕೆಯ ರಾಶಿಯ ಮುಂದೆ ಕೂರಬೇಕು.

ಹೋದ ವರ್ಷ ಶಿರಸಿಯಲ್ಲಿರುವ ನನ್ನ ಅತ್ತಿಗೆ ಕಚೇರಿ ಕೆಲಸದಿಂದ ನಿವೃತ್ತರಾದರು. ಎರಡೇ ವಾರಕ್ಕೆ ಫೋನು. "ಉಡೋಕೆ ಒಂದೂ ಸರಿಯಿಲ್ಲ ಮಾರಾಯ್ತಿ, ಹುಬ್ಬಳ್ಳಿಗೆ ಹೋಗಿ ಹತ್ತು ಸೀರೆ ತರೋಣ ಬಾ" ಅಂದರು. "ಅತ್ತಿಗೆ, ಹುಬ್ಬಳ್ಳಿ ಎಲ್ಲೂ ಓಡಿಹೋಗಲ್ಲ. ಮೊದಲು ನಿಮ್ಮ ಕಪಾಟು ನೋಡ್ತೇನೆ" ಅಂದೆ. ಅಲ್ಲಿ ನಾವು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರವಿಕೆಗಳ ಪರೀಕ್ಷೆ

ಎಲ್ಲ ರವಿಕೆಗಳನ್ನೂ ಮಂಚದ ಮೇಲೆ ಸುರಿಯಿರಿ. ಸೀರೆ ಕಪಾಟಿನಲ್ಲೇ ಇರಲಿ. ಅತ್ತಿಗೆಯ ಹತ್ತಿರ ಅರವತ್ತನಾಲ್ಕು ಸೀರೆ, ಐವತ್ತೆಂಟು ರವಿಕೆ ಇದ್ದವು.

ಕನ್ನಡಿ ಮುಂದೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಂತಾಗ ಎಲ್ಲ ರವಿಕೆಯೂ ಚೆಂದವೇ. ಹುಕ್ಕು ಹಾಕಿಕೊಂಡು ಮೂರು ಕೆಲಸ ಮಾಡಿ. ಎರಡೂ ಕೈ ಮೇಲೆತ್ತಿ ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಡಬ್ಬ ತೆಗೆಯಿರಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಸ್ವಲ್ಪ ಮುಂದೆ ಬಾಗಿ. ಕೈ ಹಿಂದೆ ತಂದು ಜಡೆಗೆ ಹೂ ಮುಡಿಯುವ ಹಾಗೆ ಮಾಡಿ. ಕೈ ಎತ್ತಿದಾಗ ರವಿಕೆಯ ಕೆಳ ಅಂಚು ಎದೆಯ ಮೇಲೆ ಹತ್ತಿದರೆ, ಕೂತಾಗ ಕೆಳಗಿನ ಹುಕ್ಕು ಹೊಟ್ಟೆಗೆ ಚುಚ್ಚಿದರೆ, ಬಾಗಿದಾಗ ಬೆನ್ನ ಮೇಲೆ ಬಟ್ಟೆ ಬಿಗಿದರೆ ಅದು ಬೇರೆ ರಾಶಿಗೆ.

ರಾಶಿ ನಾಲ್ಕು ಮಾಡಿದೆವು. ಹಾಗೇ ಹಾಕಿಕೊಳ್ಳಬಹುದಾದ್ದು ಒಂಬತ್ತು. ಒಳಗೆ ಹೊಲಿಗೆ ಬಿಚ್ಚಿ ಬಿಡಿಸಬಹುದಾದ್ದು ಇಪ್ಪತ್ತೆರಡು. ಒಳಗೆ ಬಟ್ಟೆ ಇಲ್ಲ, ಆದರೆ ಸೀರೆ ಇಷ್ಟದ್ದು ಅನ್ನುವಂಥವು ಎಂಟು. ಉಳಿದ ಹತ್ತೊಂಬತ್ತು ಒರೆಸುವ ಬಟ್ಟೆಗೆ. ಅಷ್ಟರಲ್ಲಿ ಅತ್ತಿಗೆಗೆ ಸುಸ್ತಾಗಿ ಚಹಾ ಕೇಳಿದರು. ಐವತ್ತೆಂಟು ಸಲ ಹುಕ್ಕು ಹಾಕಿ ತೆಗೆಯುವುದು ಅಂದರೆ ಸುಮ್ನೆ ಅಲ್ಲ. ಎರಡು ದಿನಕ್ಕೆ ಹಂಚಿಕೊಳ್ಳಿ.

ಒಳಗಿನ ಬಟ್ಟೆ ಎಷ್ಟಿದೆ ನೋಡಿ

ರವಿಕೆಯನ್ನು ಒಳಮೈ ಹೊರಗೆ ಮಾಡಿ. ಕಂಕುಳಿನಿಂದ ಕೆಳಗೆ ಬರುವ ಪಕ್ಕದ ಹೊಲಿಗೆ ನೋಡಿ. ಹೊಲಿಗೆಯ ಆಚೆ ಮಡಿಸಿಟ್ಟ ಬಟ್ಟೆಗೆ ಟೈಲರ್‌ಗಳು ಮಾರ್ಜಿನ್ ಅನ್ನುತ್ತಾರೆ. ಅದು ಒಂದೂವರೆ ಇಂಚು ಇದ್ದರೆ ನಿಮ್ಮ ಅದೃಷ್ಟ. ಅರ್ಧ ಇಂಚು ಒಳಗೆ ಉಳಿಸಿ ಒಂದು ಇಂಚು ಬಿಡಿಸಬಹುದು. ಮುಂಭಾಗಕ್ಕೆ ಒಂದು, ಬೆನ್ನಿನ ಭಾಗಕ್ಕೆ ಒಂದು, ಹೀಗೆ ಒಂದು ಪಕ್ಕಕ್ಕೆ ಎರಡು ಇಂಚು. ಎರಡೂ ಪಕ್ಕ ಸೇರಿದರೆ ಸುತ್ತಳತೆಯಲ್ಲಿ ನಾಲ್ಕು ಇಂಚು. ಮೂವತ್ತಾರರ ರವಿಕೆ ನಲವತ್ತು ಆಗುತ್ತದೆ. ಮಾರ್ಜಿನ್ ಒಂದೇ ಇಂಚು ಇದ್ದರೆ ಸುತ್ತಳತೆಯಲ್ಲಿ ಸಿಗುವುದು ಎರಡು ಇಂಚು.

ಎಲ್ಲರೂ ಮರೆಯುವುದು ತೋಳು. ಮೈ ಬಿಡಿಸಿ ತೋಳು ಹಾಗೇ ಬಿಟ್ಟರೆ ಕಂಕುಳಲ್ಲಿ ಗಂಟು ಕಟ್ಟಿದ ಹಾಗೆ ಆಗುತ್ತದೆ. ತೋಳಿನ ಕೆಳಗಿನ ಹೊಲಿಗೆಯನ್ನೂ ಅದೇ ಗೆರೆಯಲ್ಲಿ ಬಿಡಿಸಲು ಹೇಳಿ. ಬಿಡಿಸಿದ ಮೇಲೆ ಪಕ್ಕದಲ್ಲಿ ಒಂದು ಗಾಢ ಪಟ್ಟಿ ಕಾಣಬಹುದು. ಒಳಗಿದ್ದ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಅದಕ್ಕೇ ಬಣ್ಣ ಉಳಿದಿರುತ್ತದೆ. ಹತ್ತಿಯಲ್ಲಿ ನಾಲ್ಕಾರು ಒಗೆತಕ್ಕೆ ವ್ಯತ್ಯಾಸ ಕಡಿಮೆಯಾಗುತ್ತದೆ. ರೇಷ್ಮೆಯಲ್ಲಿ ಹಳೆಯ ಸೂಜಿಯ ತೂತು ಮುಚ್ಚುವುದಿಲ್ಲ. ಆದರೆ ಅದು ಕಂಕುಳ ಕೆಳಗೆ, ಸೆರಗಿನ ಮರೆಯಲ್ಲಿ. ಯಾರು ನೋಡುತ್ತಾರೆ?

ಮಾರ್ಜಿನ್ ಇಲ್ಲದ ಎಂಟು ರವಿಕೆಗೆ ಪಕ್ಕದಲ್ಲಿ ಪಟ್ಟಿ ಸೇರಿಸಿದೆವು. ತೋಳಿನ ತುದಿಯಿಂದ ಕಂಕುಳು ಹಾದು ರವಿಕೆಯ ಕೆಳಗಿನ ತನಕ ಒಂದೇ ಉದ್ದ ಪಟ್ಟಿ. ಹೊಲಿದ ಮೇಲೆ ಎರಡು ಇಂಚು ಅಗಲ ಉಳಿಯುವ ಹಾಗೆ ಮೂರು ಇಂಚು ಕತ್ತರಿಸಬೇಕು. ಅದಕ್ಕೆ ಹೊಂದುವ ಬಟ್ಟೆ ಎಲ್ಲಿಂದ ತರುವುದು ಅಂತ ಅತ್ತಿಗೆ ಕೇಳಿದರು. ಸೀರೆಯಲ್ಲೇ ಇದೆ. ಸೊಂಟಕ್ಕೆ ಮೊದಲು ಸಿಕ್ಕಿಸುವ ಒಳತುದಿಯಿಂದ ನಾಲ್ಕು ಇಂಚು ಕತ್ತರಿಸಿ, ಅಂಚು ಮಡಿಸಿ ಹೊಲಿಸಿದರೆ ಸೀರೆಗೆ ಏನೂ ಆಗುವುದಿಲ್ಲ. ಸೀರೆಯ ಅಡ್ಡಗಲ ಪೂರ್ತಿ ಸಿಗುವುದರಿಂದ ಎರಡು ಪಕ್ಕಕ್ಕೂ ಸಾಕು. ಕತ್ತರಿ ಹಾಕುವಾಗ ಅತ್ತಿಗೆ ಮುಖ ತಿರುಗಿಸಿಕೊಂಡಿದ್ದರು, ಅದು ಬೇರೆ ಮಾತು.

ಹೊಸ ರವಿಕೆಗೆ ಅಳತೆ

ಇಲ್ಲಿ ನನ್ನದೇ ಎಡವಟ್ಟು ಹೇಳುತ್ತೇನೆ. ನಿವೃತ್ತಿಯ ಬೀಳ್ಕೊಡುಗೆಗೆ ಅಂತ ಐದು ರವಿಕೆ ಒಟ್ಟಿಗೆ ಹೊಲಿಯಲು ಕೊಟ್ಟೆ. ಮಕ್ಕಳಿಗೆ ಅಳತೆ ತೆಗೆಯುವುದನ್ನು ವರ್ಷಗಟ್ಟಲೆ ಕಲಿಸಿದ ನಾನು, ಅವಸರದಲ್ಲಿ ಒಂದು ಹಳೆಯ ಅಳತೆ ರವಿಕೆ ಅಂಗಡಿಯ ಮೇಜಿನ ಮೇಲಿಟ್ಟು ಬಂದೆ. ಐದೂ ಆ ಹಳೆಯ ರವಿಕೆಯ ಹಾಗೇ ಬಂದವು, ಐದೂ ಬೆನ್ನ ಮೇಲೆ ಹತ್ತಿದವು. ಟೈಲರ್ ತಪ್ಪು ಮಾಡಿರಲಿಲ್ಲ. ಕೊಟ್ಟ ಅಳತೆಗೇ ಹೊಲಿದಿದ್ದರು.

ಅರವತ್ತರ ಆಸುಪಾಸಿನಲ್ಲಿ ಬೆನ್ನಿನ ಮೇಲ್ಭಾಗ ತುಸು ಬಾಗುತ್ತದೆ, ಭುಜ ಮುಂದಕ್ಕೆ ಬರುತ್ತದೆ. ಆಗ ಬೆನ್ನಿನ ಬಟ್ಟೆಗೆ ಉದ್ದ ಜಾಸ್ತಿ ಬೇಕು. ಹಳೆಯ ಅಳತೆಯಲ್ಲಿ ಬಾಗಿದ ಬೆನ್ನೇ ಬಟ್ಟೆಯನ್ನು ಎಳೆದುಕೊಂಡುಬಿಡುತ್ತದೆ, ರವಿಕೆ ಹಿಂದಿನಿಂದ ಮೇಲೇರುತ್ತದೆ. ನಾವು ದಿನವಿಡೀ ಅದನ್ನು ಕೆಳಗೆ ಎಳೆಯುತ್ತ ಇರುತ್ತೇವೆ. ಅದಕ್ಕೆ ಕತ್ತಿನ ಹಿಂದಿನ ಮೂಳೆಯಿಂದ ರವಿಕೆ ಎಲ್ಲಿಗೆ ಮುಗಿಯಬೇಕೋ ಅಲ್ಲಿಯವರೆಗೆ ಬೆನ್ನಿನ ಉದ್ದ ಬೇರೆ, ಎದೆಯ ಕಡೆಯ ಉದ್ದ ಬೇರೆ ಅಳೆಯಬೇಕು. ನೆಟ್ಟಗೆ ಸೆಟೆದು ನಿಲ್ಲಬೇಡಿ. ದಿನಾ ಹೇಗೆ ನಿಲ್ಲುತ್ತೀರೋ ಹಾಗೇ ನಿಲ್ಲಿ. ಅತ್ತಿಗೆಯ ರವಿಕೆಗೆ ಬೆನ್ನಿನಲ್ಲಿ ಮುಕ್ಕಾಲು ಇಂಚು ಜಾಸ್ತಿ ಬೇಕಾಯ್ತು. ಕೇಳಲು ಸಣ್ಣದು, ಹಾಕಿಕೊಂಡರೆ ಗೊತ್ತಾಗುತ್ತದೆ.

ಎದೆಯ ಸುತ್ತಳತೆಗೆ ಎರಡು ಇಂಚು, ತೋಳಿನ ಸುತ್ತಳತೆಗೆ ಒಂದೂವರೆ ಇಂಚು ಸಡಿಲ ಇರಲಿ. ಕೆಳಗಿನ ಪಟ್ಟಿಯ ಅಳತೆಯನ್ನು ಊಟವಾದ ಮೇಲೆ, ಕೂತುಕೊಂಡು ತೆಗೆಸಿ. ನಮ್ಮ ದಿನ ಈಗ ಕೂತೇ ಕಳೆಯುವುದು ಜಾಸ್ತಿ, ಅಲ್ವಾ?

ಕಂಕುಳಿನ ಕತ್ತರಿಕೆಯ ವಿಷಯದಲ್ಲಿ ಬಹಳ ಜನ ಉಲ್ಟಾ ಹೇಳುತ್ತಾರೆ. ಬಿಗಿ ಆಗುತ್ತದೆ, ಕಂಕುಳು ಕೆಳಗೆ ಕೆತ್ತಿ ಅಂತಾರೆ. ಕೆಳಗೆ ಕೆತ್ತಿದಷ್ಟೂ ಕೈ ಎತ್ತಿದಾಗ ತೋಳಿನ ಜೊತೆ ಇಡೀ ರವಿಕೆಯೇ ಮೇಲೆದ್ದು ಬರುತ್ತದೆ. ಕಂಕುಳಿನ ಹೊಲಿಗೆ ಮೈಗೆ ಹತ್ತಿರ, ಒಂದು ಬೆರಳು ಹೋಗುವಷ್ಟು ಜಾಗ ಬಿಟ್ಟು ಇರಬೇಕು. ಸಡಿಲ ಬೇಕಾದ್ದು ತೋಳಿನ ಅಗಲದಲ್ಲಿ. ಇದನ್ನು ಟೈಲರ್‌ಗೆ ಬಾಯಲ್ಲಿ ಹೇಳಿದರೆ ಸಾಲದು. ಮೊದಲು ಕಚ್ಚಾ ಹೊಲಿಗೆ ಹಾಕಿಸಿ, ಹಾಕಿಕೊಂಡು ಕೈ ಎತ್ತಿ ತೋರಿಸಿ.

ಕತ್ತಿನ ಅಗಲ ಕಡಿಮೆ ಇರಲಿ. ಭುಜ ಇಳಿಜಾರಾದಾಗ ದೋಣಿ ಕತ್ತು ಜಾರುತ್ತದೆ, ಒಳಗಿನ ಪಟ್ಟಿ ಹೊರಗೆ ಇಣುಕುತ್ತದೆ. ಆಳ ಬೇಕಾದರೆ ಬೆನ್ನಿನಲ್ಲಿ ಇಟ್ಟುಕೊಳ್ಳಿ, ಯಾರು ಬೇಡ ಅಂದವರು. ತೋಳು ಮೊಣಕೈ ಮೇಲಿನ ತನಕ ಇದ್ದರೆ ಕಣ್ಣಿಗೂ ಚೆಂದ, ಕೆಲಸಕ್ಕೂ ಅಡ್ಡಿಯಿಲ್ಲ. ಹುಕ್ಕು ಮುಂದೆ ಇರಲಿ. ಬೆರಳ ಗಂಟು ನೋಯುವವರು ಸ್ವಲ್ಪ ದೊಡ್ಡ ಹುಕ್ಕು ಹಾಕಿಸಿ. ಟಿಚ್ ಬಟನ್ ಒತ್ತಲು ಸುಲಭ, ಆದರೆ ಎದೆಯ ಭಾಗದಲ್ಲಿ ಎಳೆತಕ್ಕೆ ತೆರೆದುಕೊಳ್ಳುತ್ತದೆ. ಅದನ್ನು ಮೇಲೆ ಕೆಳಗೆ ಹಾಕಿಸಿ, ನಡುವೆ ಎರಡು ಹುಕ್ಕು ಇರಲಿ.

ಬಟ್ಟೆ ತಂದ ದಿನವೇ ಹೊಲಿಯಲು ಕೊಡಬೇಡಿ. ರವಿಕೆ ಬಟ್ಟೆ, ಒಳಗಿನ ಲೈನಿಂಗ್ ಎರಡನ್ನೂ ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ. ಲೈನಿಂಗ್ ಒಂದೇ ಆಮೇಲೆ ಕುಗ್ಗಿದರೆ ಮೇಲಿನ ಬಟ್ಟೆ ಉಬ್ಬಿ ಸುಕ್ಕಾಗಿ ನಿಲ್ಲುತ್ತದೆ. ಎಷ್ಟು ಇಸ್ತ್ರಿ ಹೊಡೆದರೂ ಅದು ಸರಿಯಾಗದು. ನನ್ನ ಅಭಿಪ್ರಾಯ ಕೇಳಿದರೆ, ದಿನಬಳಕೆಯ ಹತ್ತಿ ರವಿಕೆಗೆ ಲೈನಿಂಗ್ ಬೇಡವೇ ಬೇಡ. ನಮ್ಮ ಕರಾವಳಿಯ ಸೆಖೆಗೆ ಒಂದು ಪದರ ಟು ಬೈ ಟು ಸಾಕು.

ಸೀರೆಯ ಜೊತೆ ಬರುವ ರವಿಕೆ ತುಂಡು ಸಾಮಾನ್ಯವಾಗಿ ಎಂಬತ್ತು ಸೆಂಟಿಮೀಟರ್. ನಲವತ್ತರ ಮೇಲಿನ ಅಳತೆಗೆ ಉದ್ದ ತೋಳು ಇಟ್ಟರೆ ಅದು ಸಾಲದೆ ಬರಬಹುದು. ಆಗ ಮಾರ್ಜಿನ್ ತಿಂದು ಹೊಲಿಯುತ್ತಾರೆ, ಮೂರು ವರ್ಷಕ್ಕೆ ಮತ್ತೆ ಅದೇ ಕಥೆ. ಬೇರೆ ಬಟ್ಟೆ ಒಂದು ಮೀಟರ್ ತಗೊಂಡು, ಒಂದೂವರೆ ಇಂಚು ಮಾರ್ಜಿನ್ ಕೇಳಿ ಇಡಿಸಿಕೊಳ್ಳಿ.

ಮೊದಲು ಒಂದೇ ಹೊಲಿಸಿ. ಒಂದು ದಿನ ಪೂರ್ತಿ ಹಾಕಿಕೊಂಡು, ಒಗೆದು, ಮತ್ತೆ ಹಾಕಿ ನೋಡಿ. ಆಮೇಲೆ ಉಳಿದವು.

ನಾಲ್ಕು ರವಿಕೆ, ಇಪ್ಪತ್ತು ಸೀರೆ

ರವಿಕೆ ಕಳೆದುಕೊಂಡ ಸೀರೆಗಳು ಅತ್ತಿಗೆಯ ಬಳಿ ಇಪ್ಪತ್ತೈದು ಉಳಿದವು. ಪ್ರತಿಯೊಂದಕ್ಕೂ ಮ್ಯಾಚಿಂಗ್ ಹುಡುಕುತ್ತ ಹೊರಟರೆ ಶಿರಸಿಯ ಅಂಗಡಿಗಳನ್ನೆಲ್ಲ ಸುತ್ತಿದರೂ ಮುಗಿಯುವುದಿಲ್ಲ. ಕಚೇರಿಗೆ ಹೋಗುವಾಗ ಸೀರೆಯ ಮೈಬಣ್ಣಕ್ಕೆ ರವಿಕೆ ಹೊಲಿಸುವುದು ಅವರ ಪದ್ಧತಿ. ಅದನ್ನು ಬಿಡಿಸಿದೆ.

ಸೀರೆಗಳನ್ನು ಅಂಚು ಕಾಣುವ ಹಾಗೆ ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆವು. ಅಂಚಿನ ಬಣ್ಣದ ಪ್ರಕಾರ ಗುಂಪು ಮಾಡಿದೆವು. ಕುಂಕುಮಗೆಂಪು ಮತ್ತು ಮರೂನ್ ಒಂದು ಕಡೆ, ಗಾಢ ಹಸಿರು ಒಂದು ಕಡೆ, ಕಪ್ಪು ಒಂದು ಕಡೆ, ಜರಿ ಮತ್ತು ಸಾಸಿವೆ ಬಣ್ಣ ಒಂದು ಕಡೆ. ಇಪ್ಪತ್ತು ಸೀರೆ ಈ ನಾಲ್ಕರಲ್ಲಿ ಕೂತವು. ಐದು ಎಲ್ಲೂ ಕೂರಲಿಲ್ಲ. ಆ ಐದನ್ನು ಉಟ್ಟೇ ಏಳೆಂಟು ವರ್ಷವಾಗಿತ್ತಂತೆ, ಕೊಟ್ಟುಬಿಟ್ಟರು. ನಾಲ್ಕು ಬಣ್ಣದ ನಾಲ್ಕು ರವಿಕೆಗೆ ಇಪ್ಪತ್ತು ಸೀರೆ ಎದ್ದು ಬಂದವು.

ಇದರಲ್ಲಿ ಮರೂನ್ ರವಿಕೆ ಗುಳೇದಗುಡ್ಡದ ಖಣದ್ದು. ಖಣ ಚಿಕ್ಕ ಚಿಕ್ಕ ಚಿತ್ತಾರ ಇರುವ ಬಟ್ಟೆ, ಇಳಕಲ್ ಸೀರೆಗೆ ಹಿಂದಿನಿಂದಲೂ ಜೊತೆ. ಸಾದಾ ಹತ್ತಿ ಸೀರೆಗೆ ಹಾಕಿದರೂ ಇಡೀ ಉಡುಗೆಗೆ ಕಳೆ ಬರುತ್ತದೆ. ಅದರ ಪನ್ನ, ಅಂದರೆ ಬಟ್ಟೆಯ ಅಗಲ, ಕಡಿಮೆ. ಹಾಗಾಗಿ ಅಳತೆಯನ್ನು ಅಂಗಡಿಯಲ್ಲೇ ಹೇಳಿ ಬಟ್ಟೆ ತಗೊಳ್ಳಿ. ಮೈಗೆ ಒರಟು ಅನ್ನಿಸಬಹುದು, ಇದಕ್ಕೆ ಮಾತ್ರ ತೆಳು ಹತ್ತಿಯ ಲೈನಿಂಗ್ ಇರಲಿ.

ಲಂಗದ ಲಾಡಿ

ಒಳಲಂಗದ ಬಗ್ಗೆ ಯಾರೂ ಮಾತಾಡುವುದಿಲ್ಲ. ಸೀರೆ ಜಾರಬಾರದು ಅಂತ ಲಾಡಿಯನ್ನು ಬಿಗಿಯಾಗಿ, ಅದೇ ಜಾಗದಲ್ಲಿ ನಲವತ್ತು ವರ್ಷ ಕಟ್ಟಿದ ಹೆಂಗಸರ ಸೊಂಟದಲ್ಲಿ ಕಪ್ಪು ಗೆರೆ ಇದ್ದೇ ಇರುತ್ತದೆ. ಬೆವರು, ಉಜ್ಜಾಟ ಎರಡೂ ಸೇರಿ ಅಲ್ಲಿ ಚರ್ಮ ದಪ್ಪವಾಗಿ ತುರಿಸುತ್ತದೆ, ಕೆಲವರಿಗೆ ಹುಣ್ಣಾಗುತ್ತದೆ. ಅಂಥ ಹುಣ್ಣು ವರ್ಷಗಟ್ಟಲೆ ಆರದೆ ಉಳಿದು ಚರ್ಮದ ಕ್ಯಾನ್ಸರ್‌ಗೆ ತಿರುಗಿದ ಎರಡು ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು 2024ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಇದು ತೀರಾ ಅಪರೂಪ. ಆದರೂ ಲಾಡಿಯ ಜಾಗದಲ್ಲಿ ಹುಣ್ಣು ಒಂದು ತಿಂಗಳಾದರೂ ಆರದಿದ್ದರೆ ಅರಿಸಿನ ಹಚ್ಚುತ್ತ ಕೂರದೆ ಡಾಕ್ಟರಿಗೆ ತೋರಿಸಿ.

ಪರಿಹಾರ ಸುಲಭ. ಲಂಗದ ಮೇಲೆ ಮೂರು ಇಂಚು ಅಗಲದ ಪಟ್ಟಿ ಇಡಿಸಿ, ಹುರಿಯಂಥ ಲಾಡಿಯ ಬದಲು ಚಪ್ಪಟೆ ಲಾಡಿ ಹಾಕಿಸಿ. ಭಾರ ಹಂಚಿಹೋಗುತ್ತದೆ, ಬಿಗಿ ಕಟ್ಟುವ ಅಗತ್ಯ ಬೀಳುವುದಿಲ್ಲ. ಲಂಗದ ಬಟ್ಟೆ ಹತ್ತಿಯದ್ದೇ ಇರಲಿ. ಸ್ಯಾಟಿನ್ ಲಂಗದ ಮೇಲೆ ಸೀರೆ ಜಾರುತ್ತದೆ, ಜಾರುತ್ತದೆ ಅಂತ ಮತ್ತೆ ಬಿಗಿಯುತ್ತೇವೆ.

ಉದ್ದವನ್ನೂ ಈಗಲೇ ನೋಡಿಕೊಳ್ಳಿ. ಕಚೇರಿಗೆ ಹೋಗುವಾಗ ಎತ್ತರದ ಚಪ್ಪಲಿ, ಈಗ ಚಪ್ಪಟೆ. ಅದೇ ಲಂಗ ಈಗ ನೆಲ ಗುಡಿಸುತ್ತದೆ. ಶಿರಸಿಯ ಮಳೆಗಾಲದಲ್ಲಿ ಅಂಗಳ ಪೂರ್ತಿ ಪಾಚಿ, ಅದರ ಮೇಲೆ ಸೀರೆಯ ಅಂಚು ಮೆಟ್ಟಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಲಂಗ ಪಾದದ ಗಂಟಿಗಿಂತ ಒಂದು ಇಂಚು ಮೇಲೆ, ಸೀರೆ ಗಂಟಿನ ಮಟ್ಟಕ್ಕೆ ಇರಲಿ.

ಯಾವ ಸೀರೆ ಉಳಿಸಬೇಕು, ಯಾವುದು ಹೊಸದು

ಕಚೇರಿ ದಿನಗಳಲ್ಲಿ ನಾವು ಸಿಂಥೆಟಿಕ್ ಉಟ್ಟಿದ್ದಕ್ಕೆ ಕಾರಣ ಇತ್ತು. ಇಸ್ತ್ರಿ ಬೇಡ, ಬಸ್ಸಿನಲ್ಲಿ ಮುದುಡುವುದಿಲ್ಲ, ಮಳೆಯಲ್ಲಿ ನೆನೆದರೂ ಫ್ಯಾನಿನಡಿ ಒಣಗುತ್ತದೆ. ಈಗ ದಿನವಿಡೀ ಮನೆಯಲ್ಲಿ, ಒಲೆಯ ಹತ್ತಿರ, ಕರೆಂಟು ಹೋದಾಗ ಫ್ಯಾನೂ ಇಲ್ಲ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮೈಗೆ ಅಂಟಿಕೊಳ್ಳುತ್ತದೆ. ಹಾಗಂತ ಎಲ್ಲ ಎಸೆಯಬೇಡಿ. ಮಳೆಗಾಲದ ಪ್ರಯಾಣಕ್ಕೆ ಅಂತ ಮೂರ್ನಾಲ್ಕು ಇಟ್ಟುಕೊಳ್ಳಿ. ಜುಲೈನಲ್ಲಿ ಕುಮಟಾದ ಬಸ್ ನಿಲ್ದಾಣದಲ್ಲಿ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ.

ಉಳಿದದ್ದಕ್ಕೆ ನನ್ನ ಮೊದಲ ಅಳತೆ ತೂಕ. ಸೀರೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಡಿ. ಅರ್ಧ ಕೆಜಿಯ ಒಳಗಿದ್ದರೆ ದಿನಾ ಉಡಬಹುದು. ಜರಿ ತುಂಬಿದ ಮದುವೆ ಸೀರೆ ಒಂದು ಕೆಜಿಯ ಹತ್ತಿರ ತೂಗುವುದೂ ಉಂಟು, ಆ ಭಾರ ಪೂರ್ತಿ ಒಂದು ಭುಜ ಮತ್ತು ಸೊಂಟದ ಮೇಲೆ. ಭುಜ ನೋಯುವವರು ಮದುವೆಮನೆಯಲ್ಲಿ ಮಧ್ಯಾಹ್ನಕ್ಕೇ ಮುಖ ಸಣ್ಣ ಮಾಡಿಕೊಳ್ಳುವುದು ಇದಕ್ಕೇ. ಅತ್ತಿಗೆ ಅಂಥ ಮೂರು ಸೀರೆ ಸೊಸೆಗೆ ಕೊಟ್ಟು, ತೆಳು ಮೈಸೂರು ಕ್ರೇಪ್ ರೇಷ್ಮೆ ಎರಡನ್ನು ತಮಗೆ ಇಟ್ಟುಕೊಂಡರು.

ಹೊಸದು ತಗೊಳ್ಳುವಾಗ ಕೈಮಗ್ಗದ ಹತ್ತಿಯಲ್ಲಿ ನೂಲಿನ ಕೌಂಟ್ ಕೇಳಿ. ಎಂಬತ್ತು, ನೂರು ಅಂತ ಹೇಳುತ್ತಾರೆ. ಸಂಖ್ಯೆ ಜಾಸ್ತಿಯಾದಷ್ಟೂ ನೂಲು ತೆಳು, ಸೀರೆ ಹಗುರ. ನೂರರ ಸೀರೆ ಗಾಳಿಯಂತಿರುತ್ತದೆ, ಆದರೆ ಒಳಗಿನದೆಲ್ಲ ಕಾಣುತ್ತದೆ, ಕಲ್ಲಿನ ಮೇಲೆ ಕುಕ್ಕಿ ಒಗೆದರೆ ಬೇಗ ಹರಿಯುತ್ತದೆ. ಮನೆಬಳಕೆಗೆ ಎಂಬತ್ತರ ಆಸುಪಾಸು ಒಳ್ಳೆಯದು. ಉಡುಪಿ ಕೈಮಗ್ಗದ ಸೀರೆ ನಮ್ಮ ಕರಾವಳಿಯ ಹವೆಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಇಳಕಲ್ ಸೀರೆಯಲ್ಲಿ ಮೈ ಹತ್ತಿಯದ್ದೋ ಅಲ್ಲವೋ ಕೇಳಿ ನೋಡಿ ತಗೊಳ್ಳಿ, ಎಲ್ಲ ಥರದ ನೂಲಿನಲ್ಲೂ ಬರುತ್ತದೆ.

ಹತ್ತಿ ಅಂತ ಪಾಲಿಯೆಸ್ಟರ್ ಮಿಶ್ರಣ ಕೊಡುವುದೂ ಇದೆ. ಮನೆಗೆ ತಂದ ಮೇಲೆ ಸೀರೆಯ ಒಳತುದಿಯಿಂದ ಎರಡು ಎಳೆ ತೆಗೆದು, ಇಕ್ಕಳದಲ್ಲಿ ಹಿಡಿದು ಬೆಂಕಿ ತೋರಿಸಿ. ಉದ್ದದ ಎಳೆ ಒಂದು, ಅಡ್ಡದ್ದು ಒಂದು. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಬೂದಿಯ ಜೊತೆ ಗಟ್ಟಿ ಕಣ ಸಿಕ್ಕರೆ ಮಿಶ್ರಣ. ಈ ಪರೀಕ್ಷೆಯನ್ನು ನೀರಿನ ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಮಾಡಿ.

ಬಣ್ಣದ ಬಗ್ಗೆ ಒಂದು ಮಾತು. ನಿವೃತ್ತಿಯಾದ ಕೂಡಲೇ ಮಾಸಲು ಬಣ್ಣಕ್ಕೆ ಇಳಿಯಬೇಕು ಅನ್ನುವ ಕಾನೂನು ಎಲ್ಲೂ ಇಲ್ಲ. ಕೂದಲು ಬೆಳ್ಳಗಾದ ಮೇಲೆ ತಿಳಿ ಬೂದು, ತಿಳಿ ಕಂದು ಸೀರೆಯಲ್ಲಿ ಮುಖವೇ ಕಳೆದುಹೋಗುತ್ತದೆ. ಅದೇ ಬಿಳಿಕೂದಲಿನ ಪಕ್ಕ ನೇರಳೆ, ನವಿಲು ಬಣ್ಣ, ದಾಸವಾಳದ ಕೆಂಪು ಎದ್ದು ಕಾಣುತ್ತದೆ. ಕಿಟಕಿಯ ಬೆಳಕಿನಲ್ಲಿ ಸೆರಗನ್ನು ಗಲ್ಲದ ಕೆಳಗೆ ಹಿಡಿದು ನೋಡಿ. ಮೊದಲು ಕಣ್ಣಿಗೆ ಬಿದ್ದಿದ್ದು ಮುಖವೋ ಸೀರೆಯೋ? ಮುಖ ಆದರೆ ತಗೊಳ್ಳಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಇದು ಗೊತ್ತಾಗುವುದಿಲ್ಲ, ಬಾಗಿಲ ತನಕ ತಂದು ನೋಡುತ್ತೇನೆ ಅಂತ ಕೇಳಲು ನಾಚಬೇಡಿ.

ಸೀರೆ ಬೇಡ ಅನ್ನಿಸಿದ ಹೊತ್ತಿಗೆ

ನೈಟಿಯ ಮೇಲೆ ಟವೆಲ್ ಹೊದ್ದು ಗೇಟಿನ ತನಕ ಹೋಗುವುದನ್ನು ನಾನೂ ಮಾಡಿದ್ದೇನೆ. ಅದನ್ನು ಹಳಿಯುವುದಿಲ್ಲ. ಆದರೆ ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ನಡೆಯಲು, ಭಾನುವಾರದ ಸಂತೆಗೆ ಚೀಲ ಹಿಡಿದು ಹೋಗಲು ಕುರ್ತಾ ಅನುಕೂಲ. ಉದ್ದ ಮೊಣಕಾಲಿನಿಂದ ನಾಲ್ಕೈದು ಇಂಚು ಕೆಳಗೆ ಇರಲಿ. ಪಕ್ಕದ ಸೀಳು ಸೊಂಟದಿಂದಲ್ಲ, ಪೃಷ್ಠದ ಅಗಲ ಮುಗಿದ ಮೇಲೆ ಶುರುವಾಗಲಿ. ಎರಡೂ ಪಕ್ಕ ಜೇಬು ಇಡಿಸಿ, ಒಂದರಲ್ಲಿ ಮೊಬೈಲು, ಇನ್ನೊಂದರಲ್ಲಿ ಬೀಗದಕೈ. ಪ್ಯಾಂಟಿಗೆ ಮುಂದೆ ಪಟ್ಟಿ, ಹಿಂದೆ ಮಾತ್ರ ಎಲಾಸ್ಟಿಕ್ ಹಾಕಿದರೆ ಹೊಟ್ಟೆಯ ಮುಂದೆ ಗುಪ್ಪೆ ಬರುವುದಿಲ್ಲ.

ಹಳೆಯ ಹತ್ತಿ ಸೀರೆಯಲ್ಲಿ ಸಾಧಾರಣ ಮೈಕಟ್ಟಿನವರಿಗೆ ಎರಡು ಕುರ್ತಾ ಆಗುತ್ತದೆ, ಒಂದಕ್ಕೆ ಎರಡೂವರೆ ಮೀಟರ್ ಲೆಕ್ಕ. ಕತ್ತರಿಸುವ ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು, ಮಡಿಕೆಯ ಗೆರೆಯಲ್ಲಿ ಎರಡು ಕೈಯಿಂದ ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಬಿಡಿ, ಹೊಲಿಗೆಯ ಕೂಲಿ ದಂಡ.

ಮಳೆಗಾಲಕ್ಕೆ ಮುಂಚೆ

ಗಂಜಿ ಹಾಕಿದ ಸೀರೆಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿ ಇಡಬೇಡಿ. ಅಕ್ಕಿಗಂಜಿ ಬೂಷ್ಟಿಗೂ ಬೆಳ್ಳಿಹುಳಕ್ಕೂ ಊಟ. ಮೇ ಕೊನೆಯಲ್ಲಿ ಒಮ್ಮೆ ನೀರಲ್ಲಿ ಜಾಲಿಸಿ ಗಂಜಿ ತೆಗೆದು, ಪೂರ್ತಿ ಒಣಗಿಸಿ ಇಡಿ. ದೀಪಾವಳಿಯ ನಂತರ ಮತ್ತೆ ಹಾಕಿಕೊಳ್ಳಬಹುದು. ಅದೂ ಅರ್ಧ ಬಕೆಟ್ ನೀರಿಗೆ ಒಂದು ಲೋಟ ತಿಳಿಗಂಜಿ, ಜಾಸ್ತಿ ಬೇಡ. ಕಾಗದದಂತೆ ಸೆಟೆದ ಸೀರೆ ಬೆಳಿಗ್ಗೆ ಚೆಂದ, ಸಂಜೆಗೆ ಕತ್ತು ಕೆರೆಯುತ್ತದೆ.

ಜರಿ ಸೀರೆಯನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ಪ್ಲಾಸ್ಟಿಕ್ಕಿನಲ್ಲಿ ತೇವ ಒಳಗೇ ಉಳಿಯುತ್ತದೆ. ಡಾಂಬರು ಗುಳಿಗೆ ಜರಿಗೆ ತಾಗದ ಹಾಗೆ ಮೂಲೆಯಲ್ಲಿರಲಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಗೆರೆಯಲ್ಲೇ ಸೀಳುತ್ತದೆ.

ಅತ್ತಿಗೆಯ ಲೆಕ್ಕ ಕೊನೆಗೆ ಹೀಗಾಯ್ತು. ಹುಬ್ಬಳ್ಳಿಗೆ ಹೋಗಿದ್ದು ನಿಜ, ಹತ್ತರ ಬದಲು ಎರಡು ಹತ್ತಿ ಸೀರೆ, ನಾಲ್ಕು ಲಂಗದ ಬಟ್ಟೆ, ರವಿಕೆಯ ಬಟ್ಟೆ ತಂದೆವು. ಇಪ್ಪತ್ತೆರಡು ರವಿಕೆ ಬಿಡಿಸಲು ಅವರ ಟೈಲರ್ ಒಂದೇ ಸಲಕ್ಕೆ ಒಪ್ಪಲಿಲ್ಲ, ವಾರಕ್ಕೆ ಐದು ಅಂತ ಕೊಟ್ಟರು. ಕೊನೆಯ ಕಂತು ಬರುವಾಗ ನವರಾತ್ರಿ ಹತ್ತಿರ ಬಂದಿತ್ತು.

ಈಗ ಅವರ ಕಪಾಟಿನ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದೆ. ಬೆನ್ನಿನ ಉದ್ದ, ಎದೆ, ತೋಳು, ಕೂತಾಗಿನ ಕೆಳಪಟ್ಟಿ, ಲಂಗದ ಉದ್ದ, ಮೇಲೆ ತಾರೀಕು. ಮೊನ್ನೆ ಹೋದಾಗ ನೋಡಿದೆ, ತೋಳಿನ ಅಳತೆ ಹೊಡೆದುಹಾಕಿ ಪಕ್ಕದಲ್ಲಿ ಅರ್ಧ ಇಂಚು ಜಾಸ್ತಿ ಬರೆದಿದ್ದರು. "ಹಲಸಿನ ಹಪ್ಪಳ ಲಟ್ಟಿಸಿದ್ದಕ್ಕೆ ತೋಳು ಬಂತು ನೋಡು" ಅಂದರು.